ತೀರ್ಪು ಮೊದಲ ಪ್ಯಾರಾದಲ್ಲಿ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾವ ಮನೆಯಲ್ಲಿ ಜಗಳವಾದರೂ ಅದು ಕೊನೆಗೆ ಬಂದು ಕೂರುವುದು ನಮ್ಮ ಜಗಲಿಯ ಮೇಲೆ. ಜಂಬಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರೆ ಎಂದುಕೊಳ್ಳಿ, ಜಂಬವೇ. ಎಂಟನೇ ಕ್ಲಾಸಿನ ನಡುವಿನಲ್ಲಿ ಶಾಲೆ ಬಿಡಿಸಿ ನನ್ನನ್ನು ಬೇರೆಯವರ ಮಗ್ಗದ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂರಿಸಿದರು. ಅಲ್ಲಿಂದ ಎದ್ದು ಬಂದು ಸ್ವಂತ ಮಗ್ಗ ಹಾಕಿದೆ. ಒಂದು ನಾಲ್ಕಾಯಿತು. ನಾಲ್ಕರಲ್ಲೂ ಸೀರೆ ಇಳಿಯುತ್ತದೆ, ಒಂದರಲ್ಲಿ ಇವತ್ತಿಗೂ ನನ್ನ ಕೈಯೇ ಆಡುತ್ತದೆ. ಹೀಗೆ ಬಂದವನ ಮಾತಿಗೆ ಬೀದಿಯಲ್ಲಿ ತೂಕ ಇರುತ್ತದೆ.

ನ್ಯಾಯ ಹೇಳುವುದಕ್ಕೂ ಒಂದು ಕ್ರಮವಿದೆ. ಅಣ್ಣತಮ್ಮಂದಿರು ಮಗ್ಗ ಪಾಲು ಮಾಡಿಕೊಳ್ಳುವಾಗ ಕಿತ್ತಾಡಿದರೆ ಇಬ್ಬರನ್ನೂ ಕೂರಿಸಬೇಕು. ದೊಡ್ಡವನ ಮಾತು ಪೂರ್ತಿ ಕೇಳಬೇಕು, ಚಿಕ್ಕವನ ಮಾತೂ ಪೂರ್ತಿ ಕೇಳಬೇಕು. ನಿನ್ನದರಲ್ಲೂ ಸತ್ಯವಿದೆ, ಅವನದರಲ್ಲೂ ಸತ್ಯವಿದೆ ಎನ್ನಬೇಕು. ಯಾರ ಕಡೆ ವಾಲಿದ್ದೇನೆ ಎಂದು ಮುಖದಲ್ಲಿ ಕಾಣಿಸಲೇಬಾರದು. ಕಾಫಿ ಬಂದು, ಕುಡಿದು, ಲೋಟ ಕೆಳಗಿಟ್ಟ ಮೇಲೆ ತೀರ್ಪು. ಮೊದಲೇ ಹೇಳಿಬಿಟ್ಟರೆ ಸೋತವನು ಎದ್ದು ಹೋಗುತ್ತಾನೆ. ಆಮೇಲೆ ನೀವು ಎಷ್ಟು ಒಳ್ಳೆಯ ಕಾರಣ ಕೊಟ್ಟರೂ ಕೇಳಲು ಆಳಿರುವುದಿಲ್ಲ. ಈ ವಿದ್ಯೆಯಲ್ಲಿ ನಾನು ಪಳಗಿದವನು. ಇದೇ ವಿದ್ಯೆ ನನ್ನನ್ನು ಇಂಗ್ಲಿಷ್ ಪರೀಕ್ಷೆಯಲ್ಲಿ ಮುಳುಗಿಸಿತು.

ಓದಿನ ಹುಚ್ಚು ನನಗೆ ತಡವಾಗಿ ಹಿಡಿಯಿತು. ಮಗ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದೆ, ಪಾಸಾದೆ. ಪಿಯುಸಿ ಕಟ್ಟಿದೆ, ಅದೂ ಆಯಿತು. ಆಮೇಲೆ ಅಂಚೆ ತೆರಪಿನ ಬಿ.ಎ.ಗೆ ಸೇರಿದೆ. ಯಾರಿಗೂ ತೋರಿಸಿಕೊಳ್ಳುವುದಕ್ಕಲ್ಲ, ಜ್ಞಾನಕ್ಕಾಗಿ ಎಂದು ಕೆಲವರು ಹೇಳುತ್ತಾರೆ. ನಾನು ತೋರಿಸಿಕೊಳ್ಳುವುದಕ್ಕೇ ಸೇರಿದೆ. ಓದುತ್ತಾ ಓದುತ್ತಾ ಜ್ಞಾನವೂ ಬಂತು, ಬೇಡ ಎನ್ನಲಿಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಎಲ್ಲವೂ ಒಂದೊಂದಾಗಿ ದಾಟಿದವು. ಉಳಿದದ್ದು ಇಂಗ್ಲಿಷ್ ಒಂದೇ.

ಆ ಪತ್ರಿಕೆಯಲ್ಲಿ ವ್ಯಾಕರಣ, ಗದ್ಯಭಾಗ ಓದಿ ಉತ್ತರಿಸುವುದು, ಪತ್ರ ಬರೆಯುವುದು ಇವೆಲ್ಲ ಹೇಗೋ ಕೈಗೆ ಸಿಗುತ್ತಿದ್ದವು. ದೊಡ್ಡ ಪಾಲು ಅಂಕ ಇದ್ದದ್ದು ಪ್ರಬಂಧಕ್ಕೆ. ಒಂದು ವಿಷಯ ಕೊಟ್ಟು ಒಪ್ಪುತ್ತೀರೋ ಇಲ್ಲವೋ ಎಂದು ಕೇಳುತ್ತಾರೆ. ಎರಡೂವರೆ ಮೂರು ಪುಟ ಬರೆಯಬೇಕು. ಅದು ಕೈಕೊಟ್ಟರೆ ಮಿಕ್ಕಿದ್ದನ್ನೆಲ್ಲ ಸೇರಿಸಿದರೂ ಪಾಸಿನ ಗೆರೆ ಮುಟ್ಟುವುದು ಕಷ್ಟ.

ನನ್ನ ಅದೃಷ್ಟಕ್ಕೆ ಮನೆಗೆ ಬಂದ ಸೊಸೆಯೇ ಇಂಗ್ಲಿಷ್ ಮೇಡಂ. ಇಲ್ಲೇ ಹತ್ತಿರದ ವಿಜಯಪುರದ ಹುಡುಗಿ, ರೇಷ್ಮೆ ನೂಲು ಹುರಿ ಮಾಡುವವರ ಮನೆ. ನೆಲಮಂಗಲದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ತುಂಬಿದ ಕ್ಲಾಸಿನಲ್ಲಿ ಗಂಡುಹುಡುಗರನ್ನು ಕಣ್ಣಿನಲ್ಲೇ ಕೂರಿಸುವ ಹೆಂಗಸು. ಸಂಜೆ ಮನೆಗೆ ಬಂದರೆ ಮಾವನ ಎದುರು ಕುರ್ಚಿಯ ಮೇಲೆ ಕೂರುವುದಿಲ್ಲ. ನಾವು ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಅವಳ ತಾಯಿಯ ಮನೆಯಲ್ಲೂ ಹಾಗೇ, ನಮ್ಮ ಮನೆಯಲ್ಲೂ ಹಾಗೇ. ನಾನು ಹಜಾರದಲ್ಲಿದ್ದರೆ ಅವಳ ಮಾತು ಅಡಿಗೆಮನೆಯ ಬಾಗಿಲ ಹತ್ತಿರ ನಿಲ್ಲುತ್ತಿತ್ತು. ಏನಿದ್ದರೂ ಅತ್ತೆಗೆ ಹೇಳುತ್ತಿದ್ದಳು, ಅತ್ತೆ ನನಗೆ ಹೇಳುತ್ತಿದ್ದಳು.

ಹಾಗಾಗಿ ನನ್ನ ಇಂಗ್ಲಿಷ್ ಟ್ಯೂಷನ್ ನಡೆದದ್ದು ನನ್ನ ಹೆಂಡತಿಯ ಮೂಲಕ. ನಾಲ್ಕನೇ ಕ್ಲಾಸಿನ ಮೇಲೆ ಓದದ ಅವಳು ಒಲೆಯ ಹತ್ತಿರದಿಂದ ಪಾಠ ಹೊತ್ತು ತರುತ್ತಿದ್ದಳು.

"ರೀ, ಥೀಸಿಸ್ ಅಂತ ಒಂದಿರ್ತದಂತೆ. ನೀವು ಏನ್ ಹೇಳೋಕೆ ಹೊರ್ಟಿದ್ದೀರೋ ಅದು. ಒಂದೇ ಸಾಲಲ್ಲಿ ಹೇಳ್ಬೇಕಂತೆ, ನಿಮ್ ಹಾಗೆ ಎಳೀಬಾರ್ದಂತೆ."

ಕೊನೆಯ ಮಾತು ಸೊಸೆ ಹೇಳಿದ್ದಾ, ಇವಳೇ ಸೇರಿಸಿದ್ದಾ ಎಂದು ಕೇಳಿದೆ. ಅವಳು ಆಗಲೇ ಮುಂದಿನ ಪಾಠ ತರಲು ಒಳಗೆ ಹೋಗಿದ್ದಳು.

ಸೊಸೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಹಿಂಭಾಗದಲ್ಲಿ ಪ್ರಬಂಧದ ಹಂದರವನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು. ನಾನು ಅದನ್ನು ನನ್ನ ಮಗ್ಗದ ಪಕ್ಕದ ಗೋಡೆಗೆ ಅಂಟಿಸಿದೆ. ಐದು ಪೆಟ್ಟಿಗೆ. ಮೊದಲನೆಯದು ಪೀಠಿಕೆ: ವಿಷಯವನ್ನು ಒಂದೆರಡು ವಾಕ್ಯದಲ್ಲಿ ಮುಂದಿಟ್ಟು, ಕೊನೆಗೆ ಥೀಸಿಸ್, ಅಂದರೆ ನನ್ನ ನಿಲುವು ಮತ್ತು ಅದಕ್ಕೆ ಎರಡು ಕಾರಣ. ಎರಡನೆಯ ಪೆಟ್ಟಿಗೆಯಲ್ಲಿ ಮೊದಲ ಕಾರಣ, ಅದರ ವಿವರಣೆ, ಒಂದು ಉದಾಹರಣೆ. ಮೂರನೆಯದರಲ್ಲಿ ಎರಡನೆಯ ಕಾರಣ, ಅದೇ ರೀತಿ. ನಾಲ್ಕನೆಯದರಲ್ಲಿ ಎದುರು ಪಕ್ಷದವರು ಏನು ಹೇಳುತ್ತಾರೆ, ಅದಕ್ಕೆ ನನ್ನ ಉತ್ತರ ಏನು. ಐದನೆಯದು ಮುಕ್ತಾಯ: ಥೀಸಿಸನ್ನೇ ಬೇರೆ ಮಾತಿನಲ್ಲಿ ಮತ್ತೊಮ್ಮೆ ಹೇಳಿ ಮುಗಿಸುವುದು, ಹೊಸ ಕಾರಣ ತರಬಾರದು. ಬಲಗಡೆ ಉದ್ದಕ್ಕೆ ಜೋಡಣೆ ಪದಗಳು. ಮೊದಲ ಕಾರಣಕ್ಕೆ 'ಫಸ್ಟ್ಲಿ'. ಇನ್ನೊಂದು ಸೇರಿಸಲು 'ಇನ್ ಅಡಿಷನ್'. ಉದಾಹರಣೆಗೆ 'ಫಾರ್ ಇನ್‌ಸ್ಟೆನ್ಸ್'. ಎದುರಿನವರ ಮಾತು ಒಪ್ಪುವಾಗ 'ಇಟ್ ಈಸ್ ಟ್ರೂ ದಟ್', ಒಪ್ಪಿ ತಿರುಗುವಾಗ 'ಹೌಎವರ್'. ಆದ್ದರಿಂದ ಎನ್ನಲು 'ದೇರ್‌ಫೋರ್'. ಮುಗಿಸಲು 'ಇನ್ ಕನ್‌ಕ್ಲೂಷನ್'.

ಪದಗಳು ನನಗೆ ಬೇಗ ಬಾಯಿಗೆ ಬಂದವು. ಮಗ್ಗದ ಸದ್ದಿಗೆ ಸರಿಯಾಗಿ ಅವನ್ನು ಹೇಳಿಕೊಳ್ಳುತ್ತಿದ್ದೆ. ಎದುರು ಮನೆಯ ಮಗ್ಗದವನು ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ಹುಟ್ಟಿದಾಗಿನಿಂದ ಕಾಲೆಳೆಯುವುದೇ ಕೆಲಸ. ನೂಲು ಕೇಳಲು ಬಂದವನು ಬಾಗಿಲಲ್ಲಿ ನಿಂತು ಒಂದಷ್ಟು ಹೊತ್ತು ಕೇಳಿಸಿಕೊಂಡ.

"ಏನ್ ಗುರು, ಮಗ್ಗಕ್ಕೆ ಇಂಗ್ಲಿಷ್ ಹೇಳ್ಕೊಡ್ತಿದ್ದೀಯಾ? ಇನ್ಮೇಲೆ ಸೀರೆ ಲಂಡನ್ನಿಗೆ ನೇಯ್ತದೇನು?"

ನೂಲಿಲ್ಲ ಹೋಗು ಎಂದು ಕಳಿಸಿದೆ.

ಸೊಸೆ ವಾರಕ್ಕೊಂದು ವಿಷಯ ಕೊಡುತ್ತಿದ್ದಳು. ಶಾಲೆಗೆ ಮಕ್ಕಳು ಮೊಬೈಲ್ ತರಬಹುದೇ? ಊರಿನ ಸಂತೆ ಒಳ್ಳೆಯದೋ ಮಾಲ್ ಒಳ್ಳೆಯದೋ? ನಾನು ಬೆಳಿಗ್ಗೆ ಮಗ್ಗ ಓಡಿಸುವ ಮೊದಲು ಬರೆಯುತ್ತಿದ್ದೆ. ಹಾಳೆ ನನ್ನ ಹೆಂಡತಿಯ ಕೈ ಸೇರಿ, ಅಲ್ಲಿಂದ ಸೊಸೆಯ ಬ್ಯಾಗ್ ಸೇರಿ ನೆಲಮಂಗಲಕ್ಕೆ ಹೋಗುತ್ತಿತ್ತು. ಸಂಜೆ ವಾಪಸ್ ಬರುವಾಗ ಕೆಳಗೆ ನೀಲಿ ಶಾಯಿಯಲ್ಲಿ 'ಗುಡ್' ಎಂದಿರುತ್ತಿತ್ತು. ಒಂದೆರಡು ಕಾಗುಣಿತ ತಿದ್ದಿರುತ್ತಿದ್ದಳು, ಒಳ್ಳೆಯ ಅಂಕ ಇರುತ್ತಿತ್ತು. ಆ ಹಾಳೆಗಳನ್ನು ನಾನು ಬಂದವರಿಗೆಲ್ಲ ತೋರಿಸಿದೆ. ಎದುರು ಮನೆಯವನಿಗೆ ಎರಡು ಸಲ ತೋರಿಸಿದೆ.

ಪರೀಕ್ಷೆ ಬರೆದು ಬಂದಾಗ ನನಗೆ ಅನುಮಾನವೇ ಇರಲಿಲ್ಲ. ಫಲಿತಾಂಶದಲ್ಲಿ ಇಂಗ್ಲಿಷಿನ ಮುಂದೆ ಫೇಲ್ ಎಂದಿತ್ತು.

ಬಿ.ಎ.ಗೆ ನನ್ನ ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು. ಉಳಿದದ್ದು ಇನ್ನೊಂದೇ ಪರೀಕ್ಷೆ. ಅದರಲ್ಲಿ ದಾಟದಿದ್ದರೆ ಪಾಸಾದ ವಿಷಯಗಳೂ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ ಹಣ ಕಟ್ಟಿ, ಮೊದಲಿಂದ ಓದಬೇಕು. ಆ ವಯಸ್ಸಿನಲ್ಲಿ ಇನ್ನೊಂದು ಸಲ ಮೊದಲಿಂದ ಹೊರಡುವ ತಾಳ್ಮೆ ನನ್ನಲ್ಲಿ ಇರಲಿಲ್ಲ. ಇದು ನನಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು.

ಆ ಸಂಜೆ ನಾನು ಹಜಾರದಲ್ಲಿ ಕೂತು ಕೂಗಾಡಿದೆ. ತಿದ್ದಿದವನು ನನ್ನ ಹಾಳೆ ಓದಿಯೇ ಇಲ್ಲ, ಮರುಮೌಲ್ಯಮಾಪನಕ್ಕೆ ಹಾಕುತ್ತೇನೆ, ಬಿಡುವುದಿಲ್ಲ, ಬೆಂಗಳೂರಿಗೇ ಹೋಗಿ ಕೇಳುತ್ತೇನೆ ಎಂದೆಲ್ಲ ಅಂದೆ. ಮಗ ಮೊಬೈಲ್ ನೋಡುತ್ತಾ ತಲೆ ಎತ್ತಲಿಲ್ಲ. ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಅಡಿಗೆಮನೆಯ ಬಾಗಿಲ ಕಡೆಯಿಂದ ಸೊಸೆಯ ದನಿ ಬಂತು. ಅತ್ತೆಗಲ್ಲ, ನೇರ ನನಗೆ.

"ಹಾಕ್ಬೇಡಿ ಮಾವ. ಹಾಕಿದ್ರೂ ಜಾಸ್ತಿ ಬರಲ್ಲ."

ಯಾಕಮ್ಮ ಎಂದೆ. ಅವಳು ಬಾಗಿಲಿಗೆ ಬಂದು ನಿಂತಳು.

"ನಿಮ್ ಪ್ರಬಂಧದಲ್ಲಿ ಥೀಸಿಸ್ಸೇ ಇರಲ್ಲ. ಒಂದರಲ್ಲೂ ಇರ್ಲಿಲ್ಲ. ನಮ್ ಹುಡುಗ್ರು ಹಾಗೆ ಬರೆದಿದ್ರೆ ನಾನು ಅರ್ಧ ಅಂಕ ಕಿತ್ಕೊಂಡಿರ್ತಿದ್ದೆ. ಮಾವನ ಹಾಳೆ ಮೇಲೆ ಹಾಗೆ ಹಾಕೋಕೆ ನಂಗೆ ಕೈ ಬರ್ಲಿಲ್ಲ."

ಕೋಪ ಬರಬೇಕಿತ್ತು. ಬಂದದ್ದು ಕೋಪವಲ್ಲ, ಒಂದು ಥರದ ಖಾಲಿ. ಅಷ್ಟು ದಿನ ನಾನು ತೋರಿಸಿಕೊಂಡು ತಿರುಗಿದ ಅಂಕ ಸೊಸೆ ಮಾವನಿಗೆ ಹಾಕಿದ ನಮಸ್ಕಾರವಾಗಿತ್ತು. ಪ್ರಬಂಧಕ್ಕೆ ಹಾಕಿದ್ದಲ್ಲ. ಹಳೆಯ ಹಾಳೆಗಳನ್ನು ತಂದು ಓದು, ತೋರಿಸು, ಎಲ್ಲಿಲ್ಲ ಎಂದೆ.

ಅವಳು ಬಾಗಿಲಲ್ಲೇ ನಿಂತು ಶಾಲೆಗೆ ಮೊಬೈಲ್ ತರುವ ಬಗ್ಗೆ ಬರೆದ ಪ್ರಬಂಧ ಓದಿದಳು, ಕನ್ನಡದಲ್ಲಿ ಅರ್ಥ ಹೇಳಿದಳು. ಮೊದಲ ಪ್ಯಾರಾದಲ್ಲಿ ನಾನು ಬರೆದದ್ದು ಇಷ್ಟು: ಮೊಬೈಲಿನಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ, ಇಬ್ಬರ ಮಾತನ್ನೂ ನಾವು ಕೇಳಬೇಕು. ಎರಡನೆಯ ಪ್ಯಾರಾದಲ್ಲಿ ಬೇಕು ಎನ್ನುವವರ ಮಾತು. ಮೂರನೆಯದರಲ್ಲಿ ಬೇಡ ಎನ್ನುವವರ ಮಾತು. ನಾಲ್ಕನೆಯದರಲ್ಲಿ ಇಬ್ಬರಿಗೂ ಸಮಾಧಾನ. ಕೊನೆಯ ಪ್ಯಾರಾದ ಕೊನೆಯ ಸಾಲಿನಲ್ಲಿ, ಆದ್ದರಿಂದ ಬೇಡ.

ನನಗೆ ಅದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ನ್ಯಾಯ ಹೇಳುವುದೇ ಹಾಗೆ ಎಂದೆ. ಕೇಳುವ ಮೊದಲೇ ತೀರ್ಪು ಕೊಡುವವನು ಎಂಥಾ ಪಂಚಾಯ್ತಿದಾರ ಎಂದೆ. ಓದುವವರು ಪಂಚಾಯ್ತಿಗೆ ಬಂದಿಲ್ಲ ಮಾವ, ನಿಮ್ಮ ಅಭಿಪ್ರಾಯ ಕೇಳೋಕೆ ಬಂದಿದ್ದಾರೆ ಎಂದಳು ಸೊಸೆ. ಅದು ಏನು ಎಂದು ಮೊದಲ ಪ್ಯಾರಾದಲ್ಲಿ ಗೊತ್ತಾಗದಿದ್ದರೆ ಮುಂದಿನ ಉದಾಹರಣೆಗಳನ್ನು ಯಾವುದಕ್ಕೆ ಕಟ್ಟಿಕೊಳ್ಳಬೇಕು ಎಂದೇ ಅವರಿಗೆ ತಿಳಿಯುವುದಿಲ್ಲವಂತೆ. ನಾನು ಒಪ್ಪಲಿಲ್ಲ. ವಿಚಾರಣೆ ಮಾಡದೆ ತೀರ್ಪು ನನ್ನ ಬಾಯಲ್ಲಿ ಬರುವುದಿಲ್ಲ ಎಂದೆ.

ಅಕ್ಕಿಯ ಮೊರದಿಂದ ತಲೆಯೆತ್ತದೆ ನನ್ನ ಹೆಂಡತಿ ಮಾತಾಡಿದಳು.

"ಏನ್ ಬರಲ್ಲ? ಜಗಲಿಗೆ ಹೋಗೋಕ್ ಮುಂಚೆ ಒಲೆ ಹತ್ರ ಬಂದು ನಿಂತ್ಕೊಂಡು ಎಲ್ಲಾನೂ ಹೇಳ್ತೀರಲ್ಲ. ಮೊನ್ನೆ ಮಗ್ಗ ಪಾಲಿಗೆ ಬಂದ ಅಣ್ಣತಮ್ಮಂದಿರ ವಿಷ್ಯದಲ್ಲೂ ಅಷ್ಟೇ, ದೊಡ್ಡವನದೇ ತಪ್ಪು ಕಣೇ, ಅಪ್ಪ ಸತ್ತ ಮೇಲೆ ಲೆಕ್ಕ ತೋರಿಸಿಲ್ಲ, ತಮ್ಮನ ದುಡ್ಡಲ್ಲಿ ಮೋಟರ್ ತಗೊಂಡಿದ್ದಾನೆ ಅಂತ. ಆಮೇಲೆ ಹೊರಗೆ ಹೋಗಿ ಅರ್ಧ ದಿನ ನಾಟಕ."

ಮಗ ಮೊಬೈಲಿನಿಂದ ತಲೆಯೆತ್ತಿ ನಕ್ಕುಬಿಟ್ಟ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ತಡೆದುಕೊಂಡು, ಅತ್ತೆ ಈಗ ಹೇಳಿದ್ದೇ ಥೀಸಿಸ್ ಎಂದಳು. ತಪ್ಪು ದೊಡ್ಡವನದು, ಒಂದನೇ ಕಾರಣ ಲೆಕ್ಕ ತೋರಿಸದೇ ಇರೋದು, ಎರಡನೇ ಕಾರಣ ಮೋಟರ್. ಒಲೆ ಹತ್ತಿರ ಹೇಳುವುದನ್ನು ಮೊದಲ ಪ್ಯಾರಾದಲ್ಲಿ ಬರೆಯಿರಿ ಮಾವ, ಅಷ್ಟೇ.

ಅದು ನಿಜವಾಗಿತ್ತು. ಹೆಂಡತಿಯ ಹತ್ತಿರ ನಾನು ಯಾವತ್ತೂ ಸುತ್ತಿ ಬಳಸಿ ಮಾತಾಡಿದವನಲ್ಲ. ಅವಳಿಗೆ ಮೊದಲು ತೀರ್ಪು, ಆಮೇಲೆ ಕಾರಣ, ಅವಳು ಅಡ್ಡ ಮಾತು ತೆಗೆದರೆ ಅದಕ್ಕೆ ಉತ್ತರ. ಪ್ರಬಂಧದ ಹಂದರ ಮೂವತ್ತು ವರ್ಷದಿಂದ ನಮ್ಮ ಅಡಿಗೆಮನೆಯಲ್ಲಿ ನಡೆದೇ ಇತ್ತು. ಜಗಲಿಯ ಭಾಷೆಯನ್ನು ಹಾಳೆಯ ಮೇಲೆ ತಂದದ್ದೇ ಯಡವಟ್ಟು.

ಮಾರನೆಯ ಬೆಳಿಗ್ಗೆ ನಾನು ಎರಡು ಕುರ್ಚಿಗಳನ್ನು ಮೇಜಿನ ಎದುರುಬದುರು ಹಾಕಿದೆ. ಸೊಸೆಯನ್ನು ಕರೆದು ಕೂತ್ಕೋಮ್ಮ ಎಂದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಕೂತ್ಕೋ ಎಂದು ಕಣ್ಣು ಮಾಡಿದಳು. ಅವಳು ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಓಡುವವಳ ಹಾಗೆ ಕೂತಳು.

"ಇಲ್ಲಿ ಕೂತಾಗ ನೀನು ಮೇಡಂ. ಕೆಂಪು ಪೆನ್ ತಗೋ. ಸೊನ್ನೆ ಹಾಕ್ಬೇಕು ಅನ್ಸಿದ್ರೆ ಸೊನ್ನೆ ಹಾಕು, ನಂಗೇನೂ ಬೇಜಾರಿಲ್ಲ" ಎಂದೆ.

ಬೇಜಾರಾಯಿತು, ಅದನ್ನು ಯಾಕೆ ಮುಚ್ಚಿಡಲಿ. ಮೊದಲ ಹಾಳೆಗೆ ಅವಳು ಎಳೆದ ಗೆರೆ ಪುಟದ ಮೇಲಿನಿಂದ ಕೆಳಗಿನವರೆಗೆ ಹೋಯಿತು. ಇಂದಿನ ಆಧುನಿಕ ಯುಗದಲ್ಲಿ ಎಂದು ಶುರು ಮಾಡಿದ್ದೆ, ಅದನ್ನು ಹೊಡೆದಳು. ಅದು ಎಲ್ಲರೂ ಬರೆಯುವ ಸಾಲು, ಯಾವ ವಿಷಯಕ್ಕೂ ಹೊಂದುತ್ತದೆ, ಅಂದರೆ ಯಾವುದಕ್ಕೂ ಹೊಂದುವುದಿಲ್ಲ ಎಂದಳು. ಜೋಡಣೆ ಪದಗಳು ಬಾಯಿಗೆ ಬಂದಿದ್ದವಲ್ಲ, ನಾನು ವಾಕ್ಯಕ್ಕೊಂದರಂತೆ ಹಾಕಿದ್ದೆ. ಜರಿ ಹೆಚ್ಚಾದಷ್ಟೂ ಸೀರೆಗೆ ಬೆಲೆ ಎನ್ನುವ ನನ್ನ ಲೆಕ್ಕ ಇಲ್ಲಿ ನಡೆಯಲಿಲ್ಲ. ಮುಕ್ಕಾಲು ಪಾಲು ಪದಗಳಿಗೆ ಕೆಂಪು ಬಿತ್ತು.

ಎರಡು ಮಾತಿಗೆ ಸಂಬಂಧವಿದ್ದರೆ ಮಾತ್ರ ಆ ಪದ ಅದನ್ನು ತೋರಿಸುತ್ತದೆ, ಇಲ್ಲದ ಸಂಬಂಧವನ್ನು ಅದು ಹುಟ್ಟಿಸುವುದಿಲ್ಲ ಎಂದು ವಿವರಿಸಿದಳು. ಮಾಲ್‌ನಲ್ಲಿ ಏಸಿ ಇದೆ, 'ದೇರ್‌ಫೋರ್' ತರಕಾರಿ ಬೆಲೆ ಜಾಸ್ತಿ ಎಂದು ಬರೆದಿದ್ದೆ. ಏಸಿಯಿಂದ ಬೆಲೆ ಹೇಗೆ ಜಾಸ್ತಿಯಾಯಿತು, ನಡುವಿನ ಮಾತು ಎಲ್ಲಿ ಎಂದು ಕೇಳಿದಳು. ಏಸಿಯ ಕರೆಂಟ್ ಬಿಲ್ಲನ್ನೂ ಗಿರಾಕಿಯೇ ಕಟ್ಟಬೇಕಲ್ಲಮ್ಮ ಎಂದೆ. ಅದನ್ನ ಬರೀರಿ ಮತ್ತೆ, ಮನಸ್ಸಲ್ಲಿ ಇಟ್ಕೊಂಡ್ರೆ ತಿದ್ದೋರಿಗೆ ಕಾಣುತ್ತಾ ಎಂದಳು. ಅಷ್ಟು ಹೊತ್ತಿಗೆ ಅವಳು ಕುರ್ಚಿಯ ತುದಿ ಬಿಟ್ಟು ಬೆನ್ನು ಒರಗಿಸಿ ಕೂತಿದ್ದಳು.

ಆಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿಯೇ ಆಯಿತು. ಬೆಳಗಿನ ಕಾಫಿ ಕೊಡುವಾಗ ಸೊಸೆ ಒಂದು ವಿಷಯ ಹೇಳುತ್ತಿದ್ದಳು. ಲೋಟ ಖಾಲಿಯಾಗುವುದರೊಳಗೆ ನಾನು ಒಂದು ವಾಕ್ಯದಲ್ಲಿ ನಿಲುವು ಮತ್ತು ಎರಡು ಕಾರಣ ಹೇಳಬೇಕು. ಬರೆಯುವಂತಿಲ್ಲ. ಕಾರಣ ಎರಡೂ ಒಂದೇ ಆಗಿದ್ದರೆ ಒಪ್ಪುತ್ತಿರಲಿಲ್ಲ. ದುಡ್ಡು ಉಳಿಯುತ್ತದೆ ಎನ್ನುವುದೂ ಖರ್ಚು ಕಡಿಮೆ ಎನ್ನುವುದೂ ಎರಡಲ್ಲ ಮಾವ, ಒಂದೇ ಎನ್ನುತ್ತಿದ್ದಳು. ನನ್ನ ಹೆಂಡತಿ ಎದುರು ಪಕ್ಷ. ನಾನು ಹೌದು ಎಂದರೆ ಅವಳು ಇಲ್ಲ ಎನ್ನುತ್ತಿದ್ದಳು. ವಿಷಯ ಗೊತ್ತಿಲ್ಲದಿದ್ದರೂ ಇಲ್ಲ ಎನ್ನುತ್ತಿದ್ದಳು. ಅವಳಿಂದಲೇ ನನಗೆ ನಾಲ್ಕನೆಯ ಪೆಟ್ಟಿಗೆಗೆ ಸರಕು ಸಿಕ್ಕಿತು.

ಆ ನಾಲ್ಕನೆಯ ಪ್ಯಾರಾ ಬಂದಾಗ ನಾನು ಗೆದ್ದೆ. ಎದುರಿನವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಅದರಲ್ಲಿ ನಿಜ ಇದ್ದಷ್ಟನ್ನು ಒಪ್ಪಿ, ಆಮೇಲೆ ನಿಧಾನವಾಗಿ ತಿರುಗುವುದು ಜಗಲಿಯ ಮೇಲೆ ನಾನು ಜೀವಮಾನವಿಡೀ ಮಾಡಿದ ಕೆಲಸ. ಸೊಸೆ ಆ ಪ್ಯಾರಾ ಓದಿ ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟು, ಇಲ್ಲಿ ನಂಗೇನೂ ಕೆಲಸ ಇಲ್ಲ ಎಂದಳು. ಕೆಂಪು ಪೆನ್ನಿನ ಕಾಲದಲ್ಲಿ ಬಂದ ಆ ಮಾತಿಗೆ ನಾನು ಹಳೆಯ 'ಗುಡ್'ಗಳನ್ನೆಲ್ಲ ಕೊಟ್ಟುಬಿಡುತ್ತಿದ್ದೆ.

ಪರೀಕ್ಷೆಯ ದಿನ ಊರಿನ ಕಾಲೇಜಿನಲ್ಲೇ ಕೊಠಡಿ. ಪಕ್ಕದಲ್ಲಿ ಕೂತಿದ್ದ ಹುಡುಗಿ ನನ್ನನ್ನು ಮೇಲ್ವಿಚಾರಕರು ಎಂದುಕೊಂಡು ಎದ್ದು ನಿಂತಳು. ಕೂತ್ಕೋಮ್ಮ, ನಾನೂ ನಿನ್ ಹಾಗೇ ಎಂದೆ.

ಪ್ರಬಂಧಕ್ಕೆ ಮೂರು ವಿಷಯ ಕೊಟ್ಟಿದ್ದರು, ಒಂದನ್ನು ಆರಿಸಬೇಕು. ಮೊದಲನೆಯದು ಸಾಮಾಜಿಕ ಜಾಲತಾಣ. ಎರಡನೆಯದು ಪರಿಸರ. ಮೂರನೆಯದು: ಮಕ್ಕಳು ಯಾವ ಕೆಲಸ ಹಿಡಿಯಬೇಕೆಂದು ಹೆತ್ತವರು ನಿರ್ಧರಿಸಬೇಕೇ? ಮೊದಲ ಎರಡಕ್ಕೂ ನಮ್ಮ ಮನೆಯಲ್ಲಿ ಕಾಫಿ ಖರ್ಚಾಗಿತ್ತು, ಹಂದರ ತಲೆಯಲ್ಲಿ ಸಿದ್ಧವಾಗಿಯೇ ಇತ್ತು. ಬುದ್ಧಿ ಇದ್ದವನು ಅವುಗಳಲ್ಲಿ ಒಂದನ್ನು ಹಿಡಿಯುತ್ತಿದ್ದ. ನನ್ನ ಕಣ್ಣು ಮೂರನೆಯದನ್ನು ಬಿಡಲಿಲ್ಲ.

ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ರಫ್ ಎಂದು ಬರೆದು ಐದು ಪೆಟ್ಟಿಗೆ ಎಳೆದೆ. ಮೊದಲ ಪೆಟ್ಟಿಗೆಯಲ್ಲಿ ನಿಲುವು ಬರೆಯಬೇಕು. ಒಲೆಯ ಹತ್ತಿರ ನಿಂತು ಹೆಂಡತಿಗೆ ಏನು ಹೇಳುತ್ತಿದ್ದೆ ಎಂದು ಕೇಳಿಕೊಂಡೆ. ಉತ್ತರ ತಕ್ಷಣ ಬಂತು, ಬಂದದ್ದಕ್ಕೆ ನಾನೇ ಬೆಚ್ಚಿದೆ. ಹೆತ್ತವರು ದಾರಿ ತೋರಿಸಬಹುದು, ನಿರ್ಧರಿಸಬಾರದು. ಯಾಕೆಂದರೆ ಆ ಕೆಲಸವನ್ನು ಬದುಕಿನುದ್ದಕ್ಕೂ ಮಾಡಬೇಕಾದವನು ಮಗ, ಮತ್ತು ಯಾಕೆಂದರೆ ಮಗನ ಕಾಲ ಹೇಗಿರುತ್ತದೆ ಎಂದು ಹೆತ್ತವರಿಗೆ ತಿಳಿದಿರುವುದಿಲ್ಲ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಬರೆದೆ.

ಎರಡನೆಯ ಪ್ಯಾರಾದಲ್ಲಿ 'ಫಾರ್ ಇನ್‌ಸ್ಟೆನ್ಸ್' ಎಂದು ಬರೆದು, ಒಬ್ಬ ಹುಡುಗನ ವಿಷಯ ಹೇಳಿದೆ. ಎಂಟನೇ ಕ್ಲಾಸಿನಲ್ಲಿ ಅವನ ಅಪ್ಪ ಅವನನ್ನು ಮಗ್ಗಕ್ಕೆ ಕಳಿಸಿದ. ಹುಡುಗ ಒಳ್ಳೆಯ ನೇಕಾರನಾದ. ಆದರೆ ಶಾಲೆಯ ಗಂಟೆ ಕೇಳಿದಾಗಲೆಲ್ಲ ಅವನ ಕೈ ನಿಲ್ಲುತ್ತಿತ್ತು. ಹುಡುಗ ಯಾರು ಎಂದು ಬರೆಯಲಿಲ್ಲ. ಮೂರನೆಯ ಪ್ಯಾರಾದಲ್ಲಿ ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದದ್ದು, ತಂದೆ ಕಲಿಸಿದ ಕೆಲಸ ಮಗನ ಕಾಲಕ್ಕೆ ಅರ್ಧ ಉಳಿಯಲಿಲ್ಲ ಎನ್ನುವುದು.

ನಾಲ್ಕನೆಯದಕ್ಕೆ ಬಂದೆ. ಎದುರು ಪಕ್ಷ. ಇಲ್ಲಿ ಎದುರು ಪಕ್ಷ ನನ್ನ ಅಪ್ಪ.

ನಮ್ಮಪ್ಪ ತೀರಿಕೊಂಡು ಬಹಳ ವರ್ಷವಾಗಿದೆ. ಅವರು ಮಾಡಿದ್ದು ತಪ್ಪು ಎಂದು ನಾನು ಯಾರ ಮುಂದೆಯೂ, ಯಾವ ಭಾಷೆಯಲ್ಲೂ ಹೇಳಿರಲಿಲ್ಲ. ಈಗ ಮೊದಲ ಪ್ಯಾರಾದಲ್ಲೇ ತೀರ್ಪು ಬರೆದಾಗಿತ್ತು, ಶಾಯಿ ಆರಿತ್ತು. ಅವರ ಮಾತನ್ನೂ ಪೂರ್ತಿ ಹೇಳದೆ ಎದ್ದು ಹೋದರೆ ಅದು ನ್ಯಾಯವಲ್ಲ. 'ಇಟ್ ಈಸ್ ಟ್ರೂ ದಟ್' ಎಂದು ಶುರು ಮಾಡಿದೆ. ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚಿದ್ದಾಗ ಅಪ್ಪನಿಗೆ ಆಯ್ಕೆ ಇರುವುದಿಲ್ಲ ಎಂದು ಬರೆದೆ. ಕಸುಬು ಕಲಿತ ಮಗ ಹಸಿವಿನಿಂದ ಸಾಯುವುದಿಲ್ಲ ಎನ್ನುವ ನಂಬಿಕೆಯೂ ಪ್ರೀತಿಯೇ ಎಂದು ಬರೆದೆ. ಅವರೇ ಬಂದು ಪಕ್ಕದಲ್ಲಿ ಕೂತು ಬರೆಸಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಅಲ್ಲಿಗೆ ಕೈ ನಿಂತಿತು. ಮೇಲ್ವಿಚಾರಕರು ನನ್ನ ಮೇಜಿನ ಪಕ್ಕ ಹಾದು, ಏನಾದರೂ ಬೇಕಾ ಎಂದು ಕೇಳಿದರು. ಬೇಡ ಎಂದೆ. ಆಮೇಲೆ 'ಹೌಎವರ್' ಎಂದು ಬರೆದೆ. ಕಷ್ಟ ಅಪ್ಪನನ್ನು ನಿರ್ಧರಿಸುವಂತೆ ಮಾಡಬಹುದು, ಆದರೆ ಅದು ನಿರ್ಧಾರವನ್ನು ಸರಿ ಮಾಡುವುದಿಲ್ಲ ಎಂದು ಮುಂದುವರಿಸಿದೆ. ಆ ಒಂದು ಪದದ ಮೇಲೆ ಅಷ್ಟೊಂದು ಭಾರ ಹಾಕಬಹುದು ಎಂದು ನನಗೆ ಅವತ್ತೇ ಗೊತ್ತಾದದ್ದು.

ಮುಕ್ತಾಯಕ್ಕೆ ನಿಲುವನ್ನೇ ಬೇರೆ ಮಾತಿನಲ್ಲಿ ಹೇಳಿ, ಒಮ್ಮೆ ಓದಿ, ಹೆಚ್ಚಾಗಿದ್ದ ಒಂದು 'ದೇರ್‌ಫೋರ್' ಹೊಡೆದೆ. ಹೊರಗೆ ಬಂದಾಗ ಗೇಟಿನಲ್ಲಿ ಮಗ ಬೈಕ್ ಇಟ್ಟುಕೊಂಡು ಕಾಯುತ್ತಿದ್ದ. ಹೇಗಾಯ್ತಪ್ಪಾ ಎಂದ. ಪಾಸಾಗಿದ್ದೀನಿ ಎಂದೆ. ಫಲಿತಾಂಶ ಬರಲು ಇನ್ನೂ ಎಷ್ಟೋ ದಿನವಿತ್ತು.

ಮನೆಗೆ ಬಂದು ಯಾವ ವಿಷಯ ಬರೆದೆ ಎಂದು ಹೇಳಿದೆ. ಸೊಸೆಗೆ ಸ್ವಲ್ಪ ಗಾಬರಿಯಾಯಿತು, ಅಭ್ಯಾಸ ಮಾಡದ ವಿಷಯವನ್ನು ಯಾಕೆ ಹಿಡಿದಿರಿ ಎಂದಳು. ಒಂದೊಂದು ಪ್ಯಾರಾವನ್ನೂ ಕೇಳಿಸಿಕೊಂಡಳು. ನಾಲ್ಕನೆಯದನ್ನು ಹೇಳಿ ಮುಗಿಸಿದ ಮೇಲೆ ಅವಳು ಏನೂ ತಿದ್ದಲಿಲ್ಲ. ನನ್ನ ಹೆಂಡತಿ ಮಾತ್ರ, ತನ್ನ ಮಾವನವರ ಪರವಾಗಿ ಇನ್ನೂ ಎರಡು ಮಾತು ಹಾಕಬಹುದಿತ್ತು ಎಂದಳು. ಜಾಗ ಇರಲಿಲ್ಲ ಕಣೇ ಎಂದೆ.

ಫಲಿತಾಂಶ ಬಂದದ್ದು ಒಂದು ಮಧ್ಯಾಹ್ನ. ನಾಲ್ಕು ಮಗ್ಗವೂ ಓಡುತ್ತಿದ್ದವು. ಜೇಬಿನಲ್ಲಿ ಮೊಬೈಲ್ ನಡುಗಿತು. ನೋಡಿದರೆ ಸೊಸೆ, ನೆಲಮಂಗಲದಿಂದ. ಅವಳು ಕಾಲೇಜಿನಿಂದ ಫೋನ್ ಮಾಡಿದರೆ ಅತ್ತೆಗೆ ಮಾಡುತ್ತಾಳೆ, ನನಗೆ ಯಾವತ್ತೂ ಮಾಡಿದವಳಲ್ಲ. ಕಿವಿಗಿಟ್ಟುಕೊಂಡೆ, ಮಗ್ಗದ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಇರಮ್ಮ, ಇರಮ್ಮ ಎಂದು ಕೂಗುತ್ತಾ ನನ್ನ ಮಗ್ಗ ನಿಲ್ಲಿಸಿದೆ. ಇನ್ನೂ ಕೇಳಿಸಲಿಲ್ಲ. ಪಕ್ಕದ್ದನ್ನೂ ನಿಲ್ಲಿಸಿದೆ. ಆಮೇಲೆ ನೇಯುತ್ತಿದ್ದವರಿಗೆ ಕೈಸನ್ನೆ ಮಾಡಿ ಉಳಿದ ಎರಡನ್ನೂ ನಿಲ್ಲಿಸಿದೆ.

"ಮಾವ, ಪಾಸು. ಬರೀ ಪಾಸಲ್ಲ, ಇಂಗ್ಲಿಷಲ್ಲಿ ಫಸ್ಟ್ ಕ್ಲಾಸ್ ಅಂಕ ಬಂದಿದೆ. ಸ್ಟಾಫ್ ರೂಮಲ್ಲಿ ಎಲ್ರಿಗೂ ಹೇಳ್ಬಿಟ್ಟೆ."

ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಅತ್ತೆ ಬಂದಮೇಲೆ ಇನ್ನೊಂದು ಸಲ ಹೇಳು ಎಂದು ಸ್ಪೀಕರ್ ಹಾಕಿದೆ. ಕೈಯಲ್ಲಿ ಸಾರಿನ ಸೌಟು ಹಿಡಿದೇ ಬಂದ ಹೆಂಡತಿ ಪೂರ್ತಿ ಕೇಳಿಸಿಕೊಂಡು, ನಾನು ಎದುರು ಪಕ್ಷ ನಿಲ್ಲದಿದ್ದರೆ ಆಗ್ತಿತ್ತಾ ಎಂದಳು. ಇಲ್ಲ ಎಂದೆ. ಅಷ್ಟು ಸಿಕ್ಕಿದ್ದೇ ಸೌಟು ಹಿಡಿದು ಒಲೆಯ ಕಡೆ ಹೊರಟಳು.

ಫೋನ್ ಇಟ್ಟ ಮೇಲೂ ನಾನು ಮಗ್ಗ ಮತ್ತೆ ಓಡಿಸಲಿಲ್ಲ. ಕರೆಂಟ್ ಇರುವಾಗ, ಕೆಲಸದ ಹೊತ್ತಿನಲ್ಲಿ, ನಮ್ಮ ಮನೆಯ ಮಗ್ಗಗಳು ಹಾಗೆ ಒಟ್ಟಿಗೆ ಸುಮ್ಮನಾದದ್ದು ಯಾರಿಗೂ ನೆನಪಿಲ್ಲ. ನೇಯುವ ಇಬ್ಬರೂ ಸ್ಟೂಲಿನ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. ಹೊರಗೆ ಚಪ್ಪಲಿಯ ಸದ್ದಾಯಿತು. ಎದುರು ಮನೆಯವನು ಹಣೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದ, ಅವನ ಹಿಂದೆ ಇನ್ನೂ ಇಬ್ಬರು.

"ಏನಪ್ಪಾ, ನಿಮ್ಮನೇಲಿ ಮಾತ್ರ ಕರೆಂಟ್ ಹೋಯ್ತಾ?"

"ಕರೆಂಟ್ ಇದೆ ಕಣೋ," ಎಂದೆ. "ನಾನು ಬಿ.ಎ. ಆಗಿದ್ದೀನಿ. ಒಳಗ್ ಬಾ."